ಗಡ್ಡಕ್ಕೆ ಮಿನಾಕ್ಸಿಡಿಲ್: ಪುರಾವೆ ಎಲ್ಲಿವರೆಗೆ ಇದೆ?

ತಲೆಗೂದಲು ಬೆಳೆಯಲೆಂದು ಹಚ್ಚುವ ಔಷಧಿ ಮಿನಾಕ್ಸಿಡಿಲ್. ಇಪ್ಪತ್ತರ ಹುಡುಗನೊಬ್ಬ ಅದನ್ನು ನಾಲ್ಕು ತಿಂಗಳು ಮುಖಕ್ಕೆ ಹಚ್ಚಿದ, ಕೆನ್ನೆಯಲ್ಲಿ ಗಡ್ಡ ತುಂಬಿತು. ಔಷಧಿ ಕೆಲಸ ಮಾಡಿತು ಅನ್ನಬಹುದಾ? ಇಷ್ಟರಿಂದಲೇ ಹೇಳೋಕೆ ಆಗಲ್ಲ. ಆ ವಯಸ್ಸಿನಲ್ಲಿ ಗಡ್ಡ ಸುಮ್ನೆ ಬಿಟ್ಟರೂ ತುಂಬುತ್ತಾ ಹೋಗುತ್ತದೆ. ಕೆಲವರಿಗೆ ಮೂವತ್ತರ ಹತ್ತಿರದವರೆಗೂ ಹಾಗೇ. ಅದಕ್ಕೇ ಮೊದಲು‑ಆಮೇಲೆ ಫೋಟೋಗಳನ್ನು ನಾನು ಪುರಾವೆ ಅಂತ ಎಣಿಸುವುದಿಲ್ಲ.

ಈ ಗೊಂದಲ ಬಿಡಿಸಲು ಔಷಧಿಯಿಲ್ಲದ ದ್ರಾವಣ ಹಚ್ಚಿಕೊಂಡ ಇನ್ನೊಂದು ಗುಂಪು ಬೇಕು. ಅಂಥ ಅಧ್ಯಯನ 2016ರಲ್ಲಿ ಥಾಯ್ಲೆಂಡ್‌ನಿಂದ ಬಂತು. 48 ಗಂಡಸರು, 16 ವಾರ. ಕೆಲವರಿಗೆ 3% ಮಿನಾಕ್ಸಿಡಿಲ್, ಉಳಿದವರಿಗೆ ಖಾಲಿ ದ್ರಾವಣ. ಯಾರದ್ದು ಯಾವುದು ಅಂತ ಹಚ್ಚಿಕೊಂಡವರಿಗೂ ಗೊತ್ತಿಲ್ಲ, ಅಳೆದವರಿಗೂ ಗೊತ್ತಿಲ್ಲ. ಕೊನೆಗೆ ಕೂದಲು ಎಣಿಸಿದಾಗ ಮಿನಾಕ್ಸಿಡಿಲ್ ಗುಂಪೇ ಮುಂದಿತ್ತು. ಅಂದರೆ ಪರಿಣಾಮ ನಿಜ. ಆದರೆ ಗುಂಪು ಚಿಕ್ಕದು, ಅವಧಿಯೂ ಚಿಕ್ಕದು. ಹಚ್ಚುವುದನ್ನು ನಿಲ್ಲಿಸಿದರೆ ಬೆಳೆದ ಗಡ್ಡ ಉಳಿಯುತ್ತದಾ ಅನ್ನುವುದಕ್ಕೆ ಹದಿನಾರು ವಾರದಲ್ಲಿ ಉತ್ತರ ಸಿಗುವುದಿಲ್ಲ. ತಲೆಯ ಮೇಲಾದರೆ ನಿಲ್ಲಿಸಿದ ಕೆಲವು ತಿಂಗಳಲ್ಲಿ ಗಳಿಸಿದ್ದು ಹೋಗುತ್ತದೆ. ಗಡ್ಡದಲ್ಲಿ ಶಾಶ್ವತ ಅನ್ನುವವರ ಬಳಿ ಇರುವುದು ಸ್ವಂತ ಅನುಭವ ಮಾತ್ರ.

ಇನ್ನೊಂದು ಸಣ್ಣ ಲೆಕ್ಕ. 3% ಅಂದರೆ ಒಂದು ಎಂಎಲ್‌ನಲ್ಲಿ 30 ಮಿಲಿಗ್ರಾಂ. ಜಾಸ್ತಿ ಜನ ಬಳಸುವ 5%ರಲ್ಲಿ 50. ಅಧ್ಯಯನದ ಹೆಸರು ಹೇಳಿ 5% ಹಚ್ಚುವವರು ಅಲ್ಲಿ ಪರೀಕ್ಷಿಸದ ಪ್ರಮಾಣ ಹಚ್ಚುತ್ತಿದ್ದಾರೆ. ಮಿನಾಕ್ಸಿಡಿಲ್ ಮೂಲದಲ್ಲಿ ರಕ್ತದೊತ್ತಡ ಇಳಿಸುವ ಮಾತ್ರೆ ಅನ್ನುವುದು ನೆನಪಿರಲಿ. ಎದೆ ಡವಡವ ಅಂದರೆ, ತಲೆ ಸುತ್ತಿದರೆ, ಕಾಲು ಊದಿದರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಬರೀ ತುರಿಕೆ, ಸಿಪ್ಪೆ ಏಳುವುದಾದರೆ ಹೆಚ್ಚಾಗಿ ದ್ರಾವಣದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ ಕಾರಣ. ನೊರೆಯಂತೆ ಬರುವ ಮಿನಾಕ್ಸಿಡಿಲ್ ಫೋಮ್‌ನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಹಚ್ಚಿದ ಮುಖ ನೆಕ್ಕಲು ಬಿಡಬೇಡಿ. ಸ್ವಲ್ಪವೇ ಸಾಕು, ಅದರ ಜೀವಕ್ಕೆ ಅಪಾಯ.

ಬಯೋಟಿನ್ ಅನ್ನುವ ವಿಟಮಿನ್? ಅದರ ಕೊರತೆ ಇಲ್ಲದವರಿಗೆ ಗಡ್ಡ ಬೆಳೆಸುತ್ತದೆ ಅನ್ನಲು ಒಳ್ಳೆಯ ಪುರಾವೆ ಇಲ್ಲ.

ಗಡ್ಡದ ಕಸಿಯ ಪ್ರಶ್ನೆಯೇ ಬೇರೆ. ತಲೆಯ ಹಿಂಭಾಗದಿಂದ ಕೂದಲನ್ನು ಬುಡ ಸಮೇತ ತೆಗೆದು ಕೆನ್ನೆಗೆ ನೆಡುತ್ತಾರೆ. ಇಲ್ಲಿರುವ ಪುರಾವೆ ಮುಖ್ಯವಾಗಿ ಶಸ್ತ್ರಚಿಕಿತ್ಸಕರು ತಮ್ಮದೇ ರೋಗಿಗಳ ಬಗ್ಗೆ ಬರೆದ ವರದಿಗಳು. ಕೂದಲು ಹಿಡಿಯುತ್ತದೆ ಅನ್ನುವುದರಲ್ಲಿ ಅನುಮಾನ ಕಡಿಮೆ. ಕೆಡುವುದು ಕೋನದಲ್ಲಿ: ಗಡ್ಡದ ಕೂದಲು ಚರ್ಮಕ್ಕೆ ಒರಗಿ ಬರುತ್ತದೆ, ನೆಟ್ಟಗೆ ನೆಟ್ಟರೆ ಬ್ರಷ್ಷಿನಂತೆ ಎದ್ದು ನಿಲ್ಲುತ್ತದೆ. ನೆಟ್ಟ ಕೂದಲು ಮೊದಲ ವಾರಗಳಲ್ಲಿ ಉದುರುವುದು ಮಾಮೂಲಿ, ಬುಡ ಒಳಗೇ ಇರುತ್ತದೆ. ಮೂರ್ನಾಲ್ಕು ತಿಂಗಳಿಗೆ ಮತ್ತೆ ಚಿಗುರುತ್ತದೆ. ಹಾಗಾಗಿ ಕೆಟ್ಟಿದೆಯೋ ಇಲ್ಲವೋ ಅಂತ ನೋಡಬೇಕಾದ್ದು ಒಂದು ವರ್ಷದ ಫೋಟೋದಲ್ಲಿ.