99% ಸ್ಪಿರಿಟ್‌ನಲ್ಲಿ ಮುಳುಗಿಸಿದರೆ ಕತ್ತರಿ ಶುದ್ಧವಾಗುತ್ತದಾ?

ಓದುಗರ ಪ್ರಶ್ನೆ: ದಾವಣಗೆರೆ ಹತ್ತಿರದ ಹಳ್ಳಿಯ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತೀನಿ. ಹೊಲಿಗೆ ಹಾಕೋ ಕತ್ತರಿ, ಫೋರ್ಸೆಪ್ಸ್ ಎಲ್ಲ ಸ್ಪಿರಿಟ್ ಟ್ರೇನಲ್ಲಿ ಮುಳುಗಿಸಿ ಇಡ್ತೀವಿ. ಇಷ್ಟು ದಿನ 70% ತರ್ತಿದ್ವಿ. ಈಗ ಅಂಗಡಿಯವರು 99% ಐಸೊಪ್ರೊಪೈಲ್ ಇದೆ, ಇದಕ್ಕೆ ಪವರ್ ಜಾಸ್ತಿ ಅಂತಿದ್ದಾರೆ. ತರೋದಾ? ಎಷ್ಟು ಹೊತ್ತು ಮುಳುಗಿಸಿದ್ರೆ ಸಾಕು?

ಉತ್ತರ: ಚರ್ಮ ಒರೆಸುವುದಕ್ಕೆ, ಟ್ರಾಲಿ ಒರೆಸುವುದಕ್ಕೆ 70% ಸ್ಪಿರಿಟ್ಟೇ ಮೇಲು. ಹೊಲಿಗೆಯ ಕತ್ತರಿಗೆ ಮಾತ್ರ 70% ಆಗಲಿ 99% ಆಗಲಿ ಎರಡೂ ಆಗಿಬರುವುದಿಲ್ಲ. ಅರ್ಧ ಗಂಟೆ ಇರಲಿ, ರಾತ್ರಿಯಿಡೀ ಮುಳುಗಿಸಿಟ್ಟರೂ ಅಷ್ಟೇ.

ಮೊದಲು ಶೇಕಡಾವಾರಿನ ಲೆಕ್ಕ ನೋಡೋಣ. ಬ್ಯಾಕ್ಟೀರಿಯಾದ ಒಳಗೆ ಕೆಲಸ ಮಾಡುವುದೆಲ್ಲ ಪ್ರೋಟೀನ್. ಆಲ್ಕೋಹಾಲ್ ಆ ಪ್ರೋಟೀನ್‌ಗಳ ಆಕಾರ ಕೆಡಿಸುತ್ತದೆ. ಜೊತೆಗೆ ಕ್ರಿಮಿಯ ಸುತ್ತ ಇರುವ ಕೊಬ್ಬಿನ ಪೊರೆಯನ್ನೂ ಒಡೆಯುತ್ತದೆ. ಆದರೆ ಪ್ರೋಟೀನ್ ಬೇಗ ಕೆಡಬೇಕಾದರೆ ಪಕ್ಕದಲ್ಲಿ ನೀರು ಇರಬೇಕು. ನೀರೇ ಇಲ್ಲದ ಆಲ್ಕೋಹಾಲ್ ಕ್ರಿಮಿಯನ್ನು ಒಣಗಿಸುತ್ತದೆ, ಕೊಲ್ಲುವುದು ನಿಧಾನ. 60ರಿಂದ 90% ನಡುವೆ ಇದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 50%ಗಿಂತ ಕೆಳಗೆ ಇಳಿದರೆ ಪರಿಣಾಮ ತೀರಾ ಕಡಿಮೆ.

ಇನ್ನೊಂದು ತೊಂದರೆ, 99% ಬಲು ಬೇಗ ಆರಿಹೋಗುತ್ತದೆ. ಒರೆಸಿದ ಜಾಗ ಒದ್ದೆಯಾಗಿ ಇರುವಷ್ಟು ಹೊತ್ತು ಮಾತ್ರ ಕ್ರಿಮಿ ಸಾಯುತ್ತದೆ. ಇಂಜೆಕ್ಷನ್ ಕೊಡುವ ಮೊದಲು 60ರಿಂದ 70% ಸ್ಪಿರಿಟ್ ಹಾಕಿ ಮಧ್ಯದಿಂದ ಹೊರಗೆ 30 ಸೆಕೆಂಡ್ ಒರೆಸಿ, ಪೂರ್ತಿ ಆರಲು ಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ನಮ್ಮಲ್ಲಿ ಎಷ್ಟೋ ಕಡೆ ಒಂದು ಸಲ ಹತ್ತಿ ಸವರಿ, ಬಾಯಿಂದ ಊದಿ, ಸೂಜಿ ಚುಚ್ಚಿಬಿಡುತ್ತಾರೆ. ಅಷ್ಟರಲ್ಲಿ ಸ್ಪಿರಿಟ್ ಕೆಲಸವನ್ನೇ ಮುಗಿಸಿರುವುದಿಲ್ಲ, ಮೇಲೆ ಬಾಯಿಯ ಕ್ರಿಮಿ ಬೇರೆ.

99% ಕ್ಯಾನ್ ಈಗಾಗಲೇ ತಂದಿದ್ದರೆ ಟ್ರಾಲಿ, ಮೇಜು ಒರೆಸಲು ತೆಳು ಮಾಡಿಕೊಳ್ಳಬಹುದು. 70ನ್ನು 99ರಿಂದ ಭಾಗಿಸಿದರೆ 0.707. ಅಂದರೆ ಅಳತೆ ಜಾರಿನಲ್ಲಿ 707 ಮಿಲೀ ಸ್ಪಿರಿಟ್ ಹಾಕಿ, 1 ಲೀಟರ್ ಗೆರೆ ಮುಟ್ಟುವ ತನಕ ಡಿಸ್ಟಿಲ್ಡ್ ನೀರು ಹಾಕಿ. ನೀರನ್ನು 293 ಮಿಲೀ ಅಂತ ಬೇರೆ ಅಳೆದು ಸುರಿಯಬೇಡಿ. ಆಲ್ಕೋಹಾಲ್ ಮತ್ತು ನೀರು ಬೆರೆತಾಗ ಒಟ್ಟು ಅಳತೆ ಸ್ವಲ್ಪ ಕುಗ್ಗುತ್ತದೆ, ಗೆರೆಗೆ ಕಮ್ಮಿ ಬೀಳುತ್ತದೆ. ಹತ್ತಿರದಲ್ಲಿ ಒಲೆ, ದೀಪ ಇರಬಾರದು ಅಂತ ಹೇಳಬೇಕಿಲ್ಲ. ಚರ್ಮಕ್ಕೆ ಮಾತ್ರ ಸಿದ್ಧ 70% ಸಣ್ಣ ಬಾಟಲಿಯನ್ನೇ ಕೊಳ್ಳಿ.

ಇನ್ನು ಕತ್ತರಿಯ ವಿಷಯ.

ಮೆಕ್ಕೆಜೋಳದ ಕೊಯ್ಲಿನ ದಿನ. ಕುಡುಗೋಲು ಕಾಲಿಗೆ ತಾಗಿಸಿಕೊಂಡ ರೈತರೊಬ್ಬರು ನಿಮ್ಮ ಕ್ಲಿನಿಕ್ಕಿಗೆ ಬರುತ್ತಾರೆ ಅಂತ ಇಟ್ಟುಕೊಳ್ಳಿ. ಗಾಯದಲ್ಲಿ ಎರೆಮಣ್ಣು ಮೆತ್ತಿಕೊಂಡಿದೆ, ಬಹುಶಃ ಸಗಣಿಯೂ ಇದೆ. ಡಾಕ್ಟರ್ ಗಾಯ ತೊಳೆದು, ಸತ್ತ ಚರ್ಮ ಕತ್ತರಿಸಿ, ಹೊಲಿಗೆ ಹಾಕುತ್ತಾರೆ. ನೀವು ಕತ್ತರಿಯನ್ನು ನಲ್ಲಿ ಕೆಳಗೆ ಹಿಡಿದು ಟ್ರೇಗೆ ಹಾಕುತ್ತೀರಿ. ಅರ್ಧ ಗಂಟೆ ಬಿಟ್ಟು ಒಂದು ಮಗು ಬರುತ್ತದೆ, ಹಣೆ ಒಡೆದಿದೆ. ಅದೇ ಕತ್ತರಿ ಹೊರಗೆ ಬರುತ್ತದೆ.

ಆ ಅರ್ಧ ಗಂಟೆಯಲ್ಲಿ ಏನಾಗಿದೆ? ಕೀವು ತರಿಸುವ ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸತ್ತಿರುತ್ತವೆ. ಅದೂ ಸ್ಪಿರಿಟ್ ಮುಟ್ಟಿದ ಕಡೆ ಮಾತ್ರ. ಕತ್ತರಿಯ ಕೀಲಿನ ಸಂದಿಯಲ್ಲಿ ರಕ್ತ ಉಳಿದಿದ್ದರೆ ಸ್ಪಿರಿಟ್ ಅದನ್ನು ಅಲ್ಲೇ ಗಟ್ಟಿ ಮಾಡಿ ಕೂರಿಸುತ್ತದೆ. ಅದರ ಅಡಿಯಲ್ಲಿ ಇರುವ ಕ್ರಿಮಿ ಆರಾಮಾಗಿರುತ್ತದೆ. ಮಣ್ಣು, ಸಗಣಿಯಿಂದ ಬಂದ ಧನುರ್ವಾಯು ಮತ್ತು ಗ್ಯಾಸ್ ಗ್ಯಾಂಗ್ರಿನ್‌ನ ಕ್ಲಾಸ್ಟ್ರಿಡಿಯಂ ಜಾತಿಯ ಕ್ರಿಮಿಗಳ ಕಥೆ ಬೇರೆಯೇ. ಅವು ಸ್ಪೋರ್ ರೂಪದಲ್ಲಿ ಇರುತ್ತವೆ. ಕೀಲಿನಲ್ಲಿ ಇರಲಿ, ಹೊರಗೆ ಇರಲಿ, ಅವುಗಳಿಗೆ ಏನೂ ಆಗಿರುವುದಿಲ್ಲ.

ಕ್ರಿಮಿಗೆ ಬದುಕಲು ಕಷ್ಟವಾದಾಗ ಅದು ತನ್ನ ಜೀನ್‌ಗಳನ್ನು ಗಟ್ಟಿ ಕವಚದೊಳಗೆ ಕಟ್ಟಿಟ್ಟುಕೊಂಡು ಮಲಗುತ್ತದೆ. ಇದೇ ಸ್ಪೋರ್. ಹಗೇವಿನಲ್ಲಿ ಹಾಕಿಟ್ಟ ಜೋಳದ ಕಾಳಿನ ಹಾಗೆ, ಜೀವ ಇದೆ, ಚಟುವಟಿಕೆ ಇಲ್ಲ. ಹೊರಗೆ ಪ್ರೋಟೀನ್‌ನ ಹಲವು ಪದರದ ಕವಚ. ಅದರ ಕೆಳಗೆ ಇನ್ನೊಂದು ದಪ್ಪ ಪದರ. ನಟ್ಟನಡುವಿನ ತಿರುಳಿನಲ್ಲಿ ನೀರು ಬಹಳ ಕಡಿಮೆ. ನೀರಿನ ಜಾಗದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿದ ಡೈಪಿಕೊಲಿನಿಕ್ ಆಮ್ಲ ತುಂಬಿಕೊಂಡಿರುತ್ತದೆ. ಆಲ್ಕೋಹಾಲ್‌ಗೆ ಕೆಲಸ ಮಾಡಲು ನೀರು ಬೇಕು ಅಂದೆನಲ್ಲ? ಸ್ಪೋರ್‌ನ ಒಳಗೆ ಅದೇ ಇಲ್ಲ. ಕವಚ ದಾಟಿ ಒಳಗೆ ಹೋಗುವುದೂ ಅದಕ್ಕೆ ಕಷ್ಟ.

ಇದು ಹೊಸ ಸುದ್ದಿಯೇನಲ್ಲ. ಆಲ್ಕೋಹಾಲ್ ಆಂಥ್ರಾಕ್ಸ್ ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ ಎಂದು ರಾಬರ್ಟ್ ಕಾಖ್ 1881ರಲ್ಲೇ ಕಂಡುಕೊಂಡಿದ್ದರು. ಈಗಲೂ ಲ್ಯಾಬ್‌ಗಳಲ್ಲಿ ಮಲದ ಮಾದರಿಯಿಂದ ಸ್ಪೋರ್ ಮಾಡುವ ಬ್ಯಾಕ್ಟೀರಿಯಾ ಒಂದನ್ನೇ ಬೇರ್ಪಡಿಸಬೇಕಾದರೆ ಬೇಕಂತಲೇ ಆಲ್ಕೋಹಾಲ್ ಬೆರೆಸಿಡುತ್ತಾರೆ. ಉಳಿದವೆಲ್ಲ ಸಾಯುತ್ತವೆ, ಸ್ಪೋರ್ ಉಳಿಯುತ್ತದೆ. ನಿಮ್ಮ ಟ್ರೇನಲ್ಲಿ ನಡೆಯುವುದೂ ಇದೇ ಅಲ್ವಾ?

ಸ್ಪಿರಿಟ್ಟಿನೊಳಗೇ ಸ್ಪೋರ್ ಬದುಕಿರುತ್ತದೆ ಎಂಬುದಕ್ಕೆ ಇನ್ನೊಂದು ಒಳ್ಳೆಯ ಗುರುತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಹ್ಯಾಂಡ್ ರಬ್‌ನಲ್ಲಿ 80% ಎಥನಾಲ್ ಅಥವಾ 75% ಐಸೊಪ್ರೊಪೈಲ್ ಜೊತೆ 0.125% ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಅದು ಕೈಯ ಕ್ರಿಮಿಗಾಗಿ ಅಲ್ಲ. ಬಾಟಲಿಯಲ್ಲೋ ನೀರಿನಲ್ಲೋ ಸೇರಿಕೊಂಡ ಸ್ಪೋರ್‌ಗಳನ್ನು ಕೊಲ್ಲಲು ಹಾಕಿದ್ದು. ಬಾಟಲಿಗೆ ತುಂಬಿದ ಮೇಲೆ 72 ಗಂಟೆ ಬಳಸದೆ ಇಡಬೇಕು, ಅಷ್ಟು ಹೊತ್ತು ಬೇಕು ಅದಕ್ಕೆ. 2011ರಲ್ಲಿ ಅಮೆರಿಕದಲ್ಲಿ ಆಲ್ಕೋಹಾಲ್ ಪ್ಯಾಡ್‌ಗಳಲ್ಲೇ ಬ್ಯಾಸಿಲಸ್ ಸೀರಿಯಸ್ ಎಂಬ ಸ್ಪೋರ್ ಮಾಡುವ ಬ್ಯಾಕ್ಟೀರಿಯಾ ಸಿಕ್ಕಿ, ಅಂಗಡಿಗಳಿಂದ ಮಾಲು ವಾಪಸ್ ತೆಗೆಸಿದ್ದರು. ನಿಮ್ಮ ಕ್ಲಿನಿಕ್‌ನಲ್ಲಿ ಸ್ಪಿರಿಟ್ಟಿನಲ್ಲಿ ನೆನೆಸಿದ ಹತ್ತಿಯ ಸ್ಟೀಲ್ ಡಬ್ಬಿ ಇದ್ದರೆ ಅದನ್ನೂ ಇವತ್ತೇ ನಿಲ್ಲಿಸಿ. ದಿನಕ್ಕೆ ಎಷ್ಟು ಕೈ ಅದರೊಳಗೆ ಹೋಗುತ್ತವೆ ನೋಡಿ. ಆಗಾಗ ಮುಚ್ಚಳ ತೆಗೆದು ಸ್ಪಿರಿಟ್ ಆರಿ ತೆಳುವೂ ಆಗಿರುತ್ತದೆ. ಒಣ ಹತ್ತಿ ಇಟ್ಟುಕೊಂಡು ಬೇಕಾದಾಗ ಸ್ಪಿರಿಟ್ ಸುರಿದುಕೊಳ್ಳಿ.

"ಟಿಟಿ ಇಂಜೆಕ್ಷನ್ ಹಾಕಿರ್ತೀವಲ್ಲ" ಅಂತ ಕೆಲವರು ಕೇಳುತ್ತಾರೆ. ಟಿಟಿ ಧನುರ್ವಾಯುವಿನ ವಿಷಕ್ಕೆ ಮಾತ್ರ ತಡೆ. ಗ್ಯಾಸ್ ಗ್ಯಾಂಗ್ರಿನ್‌ಗೆ ಅದು ಏನೂ ಮಾಡುವುದಿಲ್ಲ. ಸ್ಪೋರ್ ಅಂಟಿದ ಸಲಕರಣೆಗಳನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಶುದ್ಧವಾಯಿತು ಅಂದುಕೊಂಡು ಆಪರೇಷನ್ ಮಾಡಿ, ಗಾಯಕ್ಕೆ ಕ್ಲಾಸ್ಟ್ರಿಡಿಯಂ ತಗುಲಿ ರೋಗಿಗಳು ಸತ್ತ ದಾಖಲೆಗಳಿವೆ.

ಡೆಟಾಲ್, ಸ್ಯಾವ್ಲಾನ್ ಕೂಡ ಸ್ಪೋರ್ ಕೊಲ್ಲುವುದಿಲ್ಲ. ಕುದಿಸಿದರೂ ಇದೇ ಗತಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. 100 ಡಿಗ್ರಿಯಲ್ಲಿ 20 ನಿಮಿಷ ಕುದಿಸಿದರೂ ಸ್ಪೋರ್‌ಗಳು ಉಳಿಯಬಲ್ಲವು. ಬ್ಲೀಚ್ ದ್ರಾವಣ ಸ್ಪೋರ್‌ಗಳನ್ನು ಕೊಲ್ಲಬಲ್ಲದು, ಆದರೆ ಅದು ಸ್ಟೀಲನ್ನು ತಿನ್ನುತ್ತದೆ, ರಕ್ತ ಇದ್ದರೆ ಶಕ್ತಿ ಕಳೆದುಕೊಳ್ಳುತ್ತದೆ. ನೆಲದ ರಕ್ತ ಒರೆಸಲು ಅದು ಸರಿ, ಕತ್ತರಿಗೆ ಬೇಡ.

ಬಿಸಿ ತಡೆಯದ ಸಲಕರಣೆಗಳಿಗೆ 2% ಗ್ಲುಟರಾಲ್ಡಿಹೈಡ್ ಇದೆ. ಎಷ್ಟು ಹೊತ್ತು ಮುಳುಗಿಸಬೇಕು ಎಂಬ ನಿಮ್ಮ ಪ್ರಶ್ನೆ ಇಲ್ಲಿ ನಿಜಕ್ಕೂ ಮುಖ್ಯವಾಗುತ್ತದೆ. 20 ನಿಮಿಷಕ್ಕೆ ಸಾಮಾನ್ಯ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಸ್ಪೋರ್ ಸಾಯಲು ಅದೇ ದ್ರಾವಣಕ್ಕೆ 10 ಗಂಟೆ ಬೇಕು. ಅರ್ಧ ಗಂಟೆಗೆ ತೆಗೆದು "ಸ್ಟೆರೈಲ್" ಅಂದರೆ ಅದು ಸುಳ್ಳು. ಅದರ ಹಬೆ ಕಣ್ಣು, ಮೂಗು ಉರಿಸುತ್ತದೆ, ಹೊರತೆಗೆದ ಮೇಲೆ ಸ್ಟೆರೈಲ್ ನೀರಿನಲ್ಲಿ ಚೆನ್ನಾಗಿ ತೊಳೆಯಲೂಬೇಕು.

ಸ್ಟೀಲಿನ ಕತ್ತರಿ, ಫೋರ್ಸೆಪ್ಸ್‌ಗೆ ಇಷ್ಟೆಲ್ಲ ರಗಳೆ ಬೇಡ, ಆಟೋಕ್ಲೇವ್ ಸಾಕು. ಚಿಕ್ಕ ಕ್ಲಿನಿಕ್ಕಿಗೆ ಆಗುವಂಥದ್ದೂ ಸಿಗುತ್ತದೆ. ಕೆಲಸ ಮುಗಿದ ತಕ್ಷಣ, ರಕ್ತ ಒಣಗುವ ಮೊದಲು, ದಪ್ಪ ಗ್ಲೌಸ್ ಹಾಕಿಕೊಂಡು ಕತ್ತರಿಯನ್ನು ಸೋಪು ನೀರಿನಲ್ಲಿ ಬ್ರಷ್‌ನಿಂದ ತಿಕ್ಕಿ. ಬ್ರಷ್ ನೀರಿನೊಳಗೇ ಇರಲಿ, ಇಲ್ಲದಿದ್ದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಕೀಲು ಬಿಡಿಸಿ ತಿಕ್ಕಿ, ತೊಳೆದು, ಒಣಗಿಸಿ, ಬಿಡಿಸಿದ ಹಾಗೇ ಬಟ್ಟೆಯಲ್ಲಿ ಸುತ್ತಿ ಒಳಗಿಡಿ. ಕೀಲು ಮುಚ್ಚಿಟ್ಟರೆ ಅಲ್ಲಿಗೆ ಹಬೆ ತಲುಪುವುದಿಲ್ಲ.

ಮೊದಲು ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗಬೇಕು. ಹಬೆ ಒಂದೇ ಸಮ ಬರುವ ತನಕ ವಾಲ್ವ್ ತೆರೆದಿರಲಿ. ಬಹಳ ಕಡೆ ತಪ್ಪುವುದು ಇಲ್ಲೇ. ಗಾಳಿ ಉಳಿದರೆ ಗೇಜ್ 15 ಪೌಂಡ್ ತೋರಿಸುತ್ತದೆ, ಆದರೆ ಒಳಗೆ 121 ಡಿಗ್ರಿ ಬಂದಿರುವುದಿಲ್ಲ. 121 ಮುಟ್ಟಿದ ಮೇಲೆ ಗಡಿಯಾರ ನೋಡಿ, ಸುತ್ತಿದ ಸಲಕರಣೆಗೆ 30 ನಿಮಿಷ. ಒತ್ತಡ ಇಳಿದ ಮೇಲೆ ಕಟ್ಟು ಒಣಗುವ ತನಕ ಮುಟ್ಟಬೇಡಿ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಕ್ರಿಮಿ ಒಳಗೆ ನುಸುಳುತ್ತದೆ. ಒಬ್ಬರ ಮೇಲೆ ಒಬ್ಬರು ಬರುವ ದಿನಕ್ಕೆ ಇನ್ನೆರಡು ಜೊತೆ ಕತ್ತರಿ ಕೊಂಡರೆ ಸ್ಪಿರಿಟ್ ಟ್ರೇಯ ಅಗತ್ಯವೇ ಬೀಳುವುದಿಲ್ಲ.

ಕಟ್ಟಿನ ಮೇಲೆ ಅಂಟಿಸುವ ಟೇಪ್‌ನಲ್ಲಿ ಕಪ್ಪು ಗೆರೆ ಮೂಡಿತು ಅಂದರೆ ಆ ಕಟ್ಟು ಆಟೋಕ್ಲೇವ್ ಒಳಗೆ ಹೋಗಿ ಬಂದಿದೆ ಅಂತ ಮಾತ್ರ ಅರ್ಥ. ಒಳಗಿನ ಸ್ಪೋರ್ ಸತ್ತಿದೆಯಾ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಇದೆ. ಜಿಯೊಬ್ಯಾಸಿಲಸ್ ಸ್ಟಿಯರೊಥರ್ಮೊಫಿಲಸ್ ಎಂಬ, ಬಿಸಿಗೆ ಜಗ್ಗದ ಬ್ಯಾಕ್ಟೀರಿಯಾದ ಸ್ಪೋರ್ ಇರುವ ಸಣ್ಣ ವಯಲ್ ಅಥವಾ ಪಟ್ಟಿ ಸಿಗುತ್ತದೆ. ಅದನ್ನು ಕಟ್ಟಿನ ನಡುವೆ ಇಟ್ಟು ಆಟೋಕ್ಲೇವ್ ಮಾಡಿ, ಆಮೇಲೆ 55ರಿಂದ 60 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು. ಆಟೋಕ್ಲೇವ್‌ಗೆ ಹಾಕದ ಇನ್ನೊಂದು ವಯಲ್ಲನ್ನೂ ಪಕ್ಕದಲ್ಲಿಡಬೇಕು. ಹಾಕದ್ದು ಬಣ್ಣ ಬದಲಿಸಿ, ಹಾಕಿದ್ದು ಹಾಗೇ ಉಳಿದರೆ ನಿಮ್ಮ ಆಟೋಕ್ಲೇವ್ ಸರಿಯಾಗಿದೆ. ಎರಡೂ ಬಣ್ಣ ಬದಲಿಸಿದರೆ ಆ ದಿನದ ಕಟ್ಟುಗಳನ್ನೆಲ್ಲ ವಾಪಸ್ ತೆಗೆಯಿರಿ. ಮೊದಲು ವಾಲ್ವ್, ಆಮೇಲೆ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ ನೋಡಿ. ಎರಡೂ ಬಣ್ಣ ಬದಲಿಸದಿದ್ದರೆ ವಯಲ್ಲೇ ಹಳೆಯದು, ಹೊಸದು ತಂದು ಮತ್ತೆ ಪರೀಕ್ಷೆ ಮಾಡಿ.