ಸಾಪೇಕ್ಷ ವೇಗ: ‘ವಿರುದ್ಧ’ ಅಂದ ತಕ್ಷಣ ಕೂಡಿಸಬೇಡಿ

“ವಿರುದ್ಧ ಅಂದ್ರೆ ಕೂಡಿಸು, ಒಂದೇ ದಿಕ್ಕು ಅಂದ್ರೆ ಕಳೆ.” ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ ಸಾಪೇಕ್ಷ ವೇಗದ ಅರ್ಥ ಅಂತ ಇದೊಂದೇ ಸಾಲು ಇರುತ್ತದೆ. ಮೊನ್ನೆ ಇನ್ನೊಬ್ಬರು ಹರಿವಿಗೆ ವಿರುದ್ಧ ಹೋಗುವ ದೋಣಿಗೂ ಇದನ್ನೇ ಹಾಕಿ ಕೂಡಿಸಿದ್ದರು. ಎಷ್ಟನೇ ಸಲವೋ ಗೊತ್ತಿಲ್ಲ.

‘ಸಾಪೇಕ್ಷ’ದೊಳಗಿರುವ ಅಪೇಕ್ಷೆ ಅಂದರೆ ನಮಗೆ ಬಯಕೆ ಅಂತಲೇ ರೂಢಿ. ಆದರೆ ಅದರೊಳಗಿರುವುದು ‘ಈಕ್ಷ್’, ನೋಡು ಅಂತ. ನಿರೀಕ್ಷೆ, ಪರೀಕ್ಷೆ, ಸಮೀಕ್ಷೆ, ಎಲ್ಲದರಲ್ಲೂ ಇದೇ ನೋಟ ಕೂತಿದೆ. ಅಪೇಕ್ಷೆಗೆ ‘ಇನ್ನೊಂದನ್ನು ನೆಚ್ಚಿಕೊಂಡಿರುವುದು’ ಅನ್ನುವ ಅರ್ಥವೂ ಉಂಟು. ಸಾಪೇಕ್ಷ ಬಂದದ್ದು ಅಲ್ಲಿಂದ. ಅಂದರೆ ಯಾವುದರ ಮೇಲೆ ನಿಂತು ನೋಡಿದ ವೇಗ ಅಂತ ಹೇಳದಿದ್ದರೆ ಆ ಪದಕ್ಕೆ ಅರ್ಥವೇ ಇಲ್ಲ. ಕೂಡಿಸುವುದು, ಕಳೆಯುವುದು ಆಮೇಲಿನ ಮಾತು.

ಎದುರುಬದುರು ಬರುವ ಎರಡು ರೈಲುಗಳ ಲೆಕ್ಕದಲ್ಲಿ ಎರಡೂ ವೇಗ ನೆಲದಿಂದ ಅಳೆದದ್ದು, ನಮಗೆ ಬೇಕಿರುವುದು ಒಂದು ರೈಲಿನಲ್ಲಿ ಕೂತು ಕಂಡ ಇನ್ನೊಂದರ ವೇಗ. ದೋಣಿಯದು ಉಲ್ಟಾ. ‘ನಿಶ್ಚಲ ನೀರಿನಲ್ಲಿ ಗಂಟೆಗೆ 10 ಕಿ.ಮೀ.’ ಅಂತ ಕೊಟ್ಟಿರುವುದೇ ನೀರಿಗೆ ಸಾಪೇಕ್ಷವಾದ ವೇಗ, ಕೇಳುತ್ತಿರುವುದು ದಡದಿಂದ ಕಂಡದ್ದು. ಹೊಳೆ 2 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಎಳೆಯುತ್ತಿದ್ದರೆ ದಡದವನಿಗೆ ದೋಣಿ 8ರಲ್ಲೇ ಹೋಗುತ್ತದೆ, ಅಲ್ವಾ? ‘ವಿರುದ್ಧ’ ಒಂದೇ ಪದ, ಆದರೆ ನೋಡುವ ಜಾಗ ಬೇರೆ.

ಉತ್ತರ ಸರಿಯೋ ಅಂತ ನೋಡಲು ನಾನು ಮಾಡುವುದಿಷ್ಟು: ಒಂದನ್ನು ಸುಮ್ನೆ ನಿಲ್ಲಿಸಿಬಿಡುತ್ತೇನೆ. 120 ಮೀಟರ್ ರೈಲು ಗಂಟೆಗೆ 54 ಕಿ.ಮೀ., ಎದುರಿನಿಂದ 180 ಮೀಟರ್ ರೈಲು 36 ಕಿ.ಮೀ. ಒಂದನ್ನೊಂದು ಪೂರ್ತಿ ದಾಟಲು ಎಷ್ಟು ಹೊತ್ತು? ವೇಗಗಳು ಸೆಕೆಂಡಿಗೆ 15 ಮತ್ತು 10 ಮೀಟರ್ ಆಯಿತು. ಒಬ್ಬರ ಉತ್ತರ 60 ಸೆಕೆಂಡ್. ಎರಡನೇ ರೈಲು ನಿಂತೇ ಇದ್ದರೂ ಎರಡರ ಉದ್ದ ಸೇರಿದ 300 ಮೀಟರನ್ನು 15ರಿಂದ ಭಾಗಿಸಿದರೆ 20 ಸೆಕೆಂಡಿನಲ್ಲಿ ದಾಟಿ ಮುಗಿಯುತ್ತದೆ. ಅದು ಎದುರೇ ಬರುತ್ತಿರುವಾಗ 20ಕ್ಕಿಂತ ಜಾಸ್ತಿ ಹೇಗೆ ಆದೀತು?

ತಪ್ಪು ಎಲ್ಲಾಯಿತು ಅಂತ ತಿಳಿಯಲು ಆ 60ನ್ನೇ ಹಿಂದಕ್ಕೆ ಹಾಕಿ. ಅಷ್ಟರಲ್ಲಿ ರೈಲುಗಳು 900 ಮತ್ತು 600 ಮೀಟರ್ ಓಡಿರುತ್ತವೆ. ಎದುರುಬದುರಾದರೆ ಎರಡರ ಮೊತ್ತ 300 ಆಗಬೇಕಿತ್ತು. ಇಲ್ಲಿ ವ್ಯತ್ಯಾಸ 300 ಆಗಿದೆ. ಒಂದೇ ದಿಕ್ಕಿನ ಲೆಕ್ಕ ಮಾಡಿದ್ದಾರೆ, 25ರ ಬದಲು 5ರಿಂದ ಭಾಗಿಸಿದ್ದಾರೆ. ಸರಿಯುತ್ತರ 12 ಸೆಕೆಂಡ್: ಅಷ್ಟರಲ್ಲಿ ರೈಲುಗಳು ಓಡುವುದು 180 ಮತ್ತು 120 ಮೀಟರ್, ಮೊತ್ತ 300.

ದೋಣಿಗೂ ಹಾಗೇ, ಹೊಳೆಯನ್ನು ನಿಲ್ಲಿಸಿ. ಅದೇ 10 ಕಿ.ಮೀ. ವೇಗದಲ್ಲಿ 24 ಕಿ.ಮೀ. ಹೋಗಲು 2.4 ಗಂಟೆ. ಹರಿವಿಗೆ ವಿರುದ್ಧ ಹೋಗಲು 2 ಗಂಟೆ ಸಾಕು ಅಂತ ಉತ್ತರ ಬಂದರೆ, ನಿಮ್ಮ ಹೊಳೆ ಮೇಲಕ್ಕೆ ಹರಿಯುತ್ತಿದೆ.