ಗಾಜಿನ ಮಸುಕಿಗೆ ವಿನೆಗರ್ ಒಂದೇ ಏಕೆ ಸಾಲದು?

ಸ್ನಾನದ ಮನೆಯ ಗಾಜಿನ ಪರದೆಗೆ ವಿನೆಗರ್ ಹಚ್ಚಿ ಎಷ್ಟು ಉಜ್ಜಿದರೂ, ಆರಿದ ಮೇಲೆ ಜಿಡ್ಡಿನ ಗೆರೆಗಳು ಕಾಣುವುದುಂಟು. ಆ ಮಸುಕು ಒಂದೇ ಬಗೆಯ ಕೊಳೆಯಲ್ಲ ಎಂಬುದೇ ಇದಕ್ಕೆ ಕಾರಣ.

ಸೋಪು ಕೊಬ್ಬಿನಾಮ್ಲದ ಸೋಡಿಯಂ ಲವಣ, ನೀರಿನಲ್ಲಿ ಕರಗುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗಕ್ಕೆ ಬಂದು ಕೂತರೆ, ನೀರಿನಲ್ಲಿ ಕರಗದ ಮೇಣದಂಥ ಪೊರೆ ಹುಟ್ಟುತ್ತದೆ. ಗಾಜಿನ ಮೇಲೆಯೇ ಆರಿದ ಹನಿಗಳು ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಉಳಿಸಿ ಹೋಗುತ್ತವೆ. ಇವೆರಡೂ ಪದರ ಪದರವಾಗಿ ಬೆರೆತು ಕೂರುತ್ತವೆ.

ವಿನೆಗರಿನ ಆಮ್ಲ ಸುಣ್ಣವನ್ನು ಚೆನ್ನಾಗಿ ಕರಗಿಸುತ್ತದೆ. ಸೋಪಿನ ಪೊರೆಯಿಂದಲೂ ಕ್ಯಾಲ್ಸಿಯಂ ಅನ್ನು ಎಳೆದು ತೆಗೆಯುತ್ತದೆ. ಆದರೆ ಆಗ ಕೊಬ್ಬಿನಾಮ್ಲ ಅಲ್ಲೇ ಉಳಿಯುತ್ತದೆ. ಅದೂ ನೀರಿನಲ್ಲಿ ಕರಗದ್ದರಿಂದ ಬಟ್ಟೆ ಎಳೆದ ಕಡೆಗೆಲ್ಲ ಸವರಿಕೊಳ್ಳುತ್ತದೆ. ಅದನ್ನು ಎತ್ತಲು ಪಾತ್ರೆ ತೊಳೆಯುವ ದ್ರವವೇ ಬೇಕು.

ಮೊಣಕಾಲೆತ್ತರದವರೆಗೆ ಬೆಳ್ಳಗಾದ ಪರದೆಯನ್ನೇ ತೆಗೆದುಕೊಳ್ಳೋಣ. ಮೊದಲು ಬಿಸಿ ನೀರು, ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಸ್ಪಂಜಿನಿಂದ ಮೇಲಿನ ಜಿಡ್ಡು ತೆಗೆದು ತೊಳೆಯಿರಿ. ಆಮೇಲೆ 250 ಮಿಲಿಲೀಟರ್ ನೀರಿಗೆ ಸುಮಾರು 15 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಇಲ್ಲವೇ ಬಿಳಿ ವಿನೆಗರ್ ಬಳಸಿ, ಅದರಲ್ಲಿ ಅದ್ದಿದ ಕಾಗದದ ಕರವಸ್ತ್ರವನ್ನು ಗಾಜಿಗೆ ಅಂಟಿಸಿ 15 ನಿಮಿಷ ಬಿಡಿ. ನಿಂತ ಗಾಜಿಗೆ ಸುಮ್ಮನೆ ಸಿಂಪಡಿಸಿದರೆ ಆಮ್ಲ ಜಾರಿ ಹೋಗುತ್ತದೆ, ಕರಗಿಸಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೊನೆಗೆ ಮತ್ತೊಮ್ಮೆ ಪಾತ್ರೆಯ ದ್ರವದಿಂದ ಉಜ್ಜಿ, ತೊಳೆದು, ಒರೆಸಿ. ಈ ಕೊನೆಯ ಸುತ್ತನ್ನು ಬಿಟ್ಟರೆ ಗೆರೆಗಳು ಹಾಗೇ ಉಳಿಯುತ್ತವೆ.

ವಿನೆಗರಿಗೆ ಅಡಿಗೆ ಸೋಡಾ ಬೆರೆಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ನೊರೆ ಜೋರಾಗಿ ಬಂದರೂ ಎರಡೂ ಒಂದನ್ನೊಂದು ತಟಸ್ಥಗೊಳಿಸಿಬಿಡುತ್ತವೆ. ಬ್ಲೀಚನ್ನಂತೂ ಆಮ್ಲದ ಜೊತೆ ಬೆರೆಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಕೆಳಗೆ ಅಮೃತಶಿಲೆಯ ನೆಲವಿದ್ದರೆ ಆಮ್ಲ ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಆ ಕಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ.

ಇಷ್ಟಾದರೂ ಮಸುಕು ಹೋಗದಿದ್ದರೆ ಸಣ್ಣ ಜಾಗವೊಂದನ್ನು ಆರಿಸಿ ಆಮ್ಲದ ಸುತ್ತನ್ನು ಇನ್ನೊಮ್ಮೆ ಮಾಡಿ ನೋಡಿ. ಸ್ವಲ್ಪವಾದರೂ ತಿಳಿಯಾದರೆ ಕೊಳೆ ಇನ್ನೂ ಇದೆ ಎಂದರ್ಥ. ಏನೂ ಬದಲಾಗದೆ, ಉಗುರಿಗೆ ನುಣುಪಾಗಿಯೇ ತಾಗಿದರೆ ಗಾಜೇ ಸವೆದಿರುವ ಸಾಧ್ಯತೆ ಹೆಚ್ಚು. ನೀರು ಬಹುಕಾಲ ನಿಂತು ಆರುತ್ತಿದ್ದರೆ ಗಾಜಿನ ಮೇಲ್ಮೈ ನಿಧಾನವಾಗಿ ಕೊರೆದುಹೋಗುತ್ತದೆ. ಅದಕ್ಕೆ ಯಾವ ದ್ರವವೂ ನಾಟುವುದಿಲ್ಲ. ಪಾಲಿಷ್ ಮಾಡಿಸಬೇಕು ಅಥವಾ ಗಾಜನ್ನೇ ಬದಲಿಸಬೇಕು.

ಕನ್ನಡಿಗೂ ಇದೇ ಕ್ರಮ, ಆದರೆ ದ್ರವವನ್ನು ನೇರವಾಗಿ ಸಿಂಪಡಿಸದೆ ಬಟ್ಟೆಗೆ ಹಾಕಿಕೊಂಡು ಒರೆಸಿ. ಅಂಚಿಗೆ ಹರಿದ ಆಮ್ಲ ಗಾಜಿನ ಹಿಂದಕ್ಕೆ ನುಸುಳಿ ಲೋಹದ ಲೇಪವನ್ನು ತಿನ್ನಬಹುದು. ಹಾಗೆ ಅಂಚು ಕಪ್ಪಾದರೆ ಮುಂದಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ.